ಟ್ಯಾಂಕ್ ಅಲಾರಂ, ತೇವದ ಸೆನ್ಸರ್, ಕರೆಂಟ್ ಬಂದರೆ ಮಿಸ್ ಕಾಲ್: ಮೂರರಲ್ಲಿ ನಾನು ಉಳಿಸಿಕೊಂಡದ್ದು

ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಮಿಸ್ ಕಾಲ್ ಡಬ್ಬ. ತೋಟದ ಪ್ಯಾನಲ್ ಬೋರ್ಡಿಗೆ ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಊರೊಳಗೆ ಮಲಗಿದವರ ಫೋನು ರಿಂಗ್ ಆಗುವಂತೆ ಮಾಡುತ್ತದೆ, ಅಷ್ಟೇ ಅದರ ಕೆಲಸ. ಮನೆ ಮೇಲಿನ ಟ್ಯಾಂಕ್ ಎಷ್ಟು ತುಂಬಿದೆ ಅಂತ ತೋರಿಸುವುದು ಮತ್ತು ಅಡಿಕೆ ಬುಡದ ತೇವ ಅಳೆಯುವುದು, ಈ ಎರಡನ್ನೂ ಕಟ್ಟಿದೆ. ಎರಡೂ ಓಡಿದವು. ಆದರೆ ಬಳಸುವವರಿಗೆ ಬೇಕಾಗಲಿಲ್ಲ.

ನನ್ನ ಲೆಕ್ಕಾಚಾರ ಸಣ್ಣದು. ದಾವಣಗೆರೆಯಲ್ಲಿ ಕೆಲಸ, ಸೋಲ್ಡರಿಂಗ್ ಏನಿದ್ದರೂ ಭಾನುವಾರ. ಒಂದು ಡಬ್ಬಕ್ಕೆ 1,500 ರೂಪಾಯಿ ಮೀರಬಾರದು. ಮುಖ್ಯವಾಗಿ, ಬಳಸಿ ನೋಡುವವರು ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರ ಇರಬೇಕು. ಟ್ಯಾಂಕಿಗೆ ನಮ್ಮ ಓಣಿಯ ಆಂಟಿ ಸಿಕ್ಕರು. ಉಳಿದೆರಡಕ್ಕೆ ಹೊಳಲ್ಕೆರೆ ಕಡೆ ಇರುವ ಚಿಕ್ಕಪ್ಪನ ಅಡಿಕೆ ತೋಟ.

ಟ್ಯಾಂಕಿನ ಕಥೆ ಬೇಗ ಮುಗಿಯುತ್ತದೆ. ಶಬ್ದ ಕಳಿಸಿ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿದೆ. ಮಾಮೂಲಿ ಸೆನ್ಸರು ಟ್ಯಾಂಕಿನೊಳಗಿನ ಹಬೆಗೆ ಕಿಲುಬು ಹಿಡಿಯುತ್ತದೆಂದು ನೀರು ತಾಗದ ಜೆಎಸ್ಎನ್-ಎಸ್ಆರ್04ಟಿ ತರಿಸಿದೆ. ಅದರ ಮುಖದಿಂದ ಸುಮಾರು 20-25 ಸೆಂಟಿಮೀಟರ್ ಒಳಗೆ ಬಂದದ್ದು ಅದಕ್ಕೆ ಕಾಣುವುದಿಲ್ಲ. ಅಂದರೆ ಟ್ಯಾಂಕ್ ತುಂಬುವ ಕೊನೆಯ ಗೇಣಿನಲ್ಲಿ, ನಮಗೆ ಬೇಕಾದ ಹೊತ್ತಿನಲ್ಲೇ, ಸುಳ್ಳು ಅಂಕಿ. ಮುಚ್ಚಳದ ಮೇಲೆ ಪೈಪಿನ ತುಂಡು ಕೂರಿಸಿ ಸೆನ್ಸರನ್ನು ಎತ್ತರಕ್ಕೆ ಏರಿಸಿದರೆ ಇದು ಸರಿಹೋಗುತ್ತದೆ. ಆದರೆ ಅಷ್ಟರಲ್ಲಿ ಆಂಟಿ ಅಂಗಡಿಯಿಂದ ನೀರು ತಾಗಿದರೆ ಕೂಗುವ ಅಲಾರಂ ತಂದು ಕಟ್ಟಿಕೊಂಡಿದ್ದರು. ಬೆಲೆ ನನ್ನ ಸೆನ್ಸರಿನ ಅರ್ಧಕ್ಕಿಂತ ಕಮ್ಮಿ. "ಎಷ್ಟು ತುಂಬಿದೆ ಅಂತ ತಗೊಂಡು ಏನ್ ಮಾಡ್ಲಪ್ಪ, ತುಂಬಿತು ಅಂದ್ರೆ ಸಾಕು" ಅಂದರು. ಅಲ್ಲಿಗೆ ಆ ಕಥೆ ಮುಗಿಯಿತು.

ತೇವದ ಸೆನ್ಸರಿನ ಮೇಲೆ ನನಗೆ ಆಸೆ ಹೆಚ್ಚಿತ್ತು. ಎರಡು ಕಡ್ಡಿಗಳ ನಡುವೆ ಕರೆಂಟ್ ಹರಿಸುವ ಅಗ್ಗದ್ದು ಮಣ್ಣಿನಲ್ಲಿ ಬೇಗ ತಿಂದುಹೋಗುತ್ತದೆಂದು ಕೆಪಾಸಿಟಿವ್ ಪಟ್ಟಿ ತಂದೆ. ಅದರ ಕತ್ತರಿಸಿದ ಅಂಚು ನೀರು ಹೀರುತ್ತದೆ, ಅದಕ್ಕೆ ನೇಲ್ ಪಾಲಿಶ್ ಬಳಿದರೆ ಸಾಕು. ಅಂಕಿಗಳೂ ಚೆನ್ನಾಗಿಯೇ ಬಂದವು. ಆದರೆ ಪಟ್ಟಿಯನ್ನು ಡ್ರಿಪ್ಪಿನ ಹನಿಯಿಂದ ಒಂದು ಗೇಣು ಆಚೆ ನೆಟ್ಟರೆ ಒಂದು ಅಂಕಿ, ಈಚೆ ನೆಟ್ಟರೆ ಇನ್ನೊಂದು. ಮಣ್ಣು ಬಿರಿದು ಪಟ್ಟಿಯ ಪಕ್ಕ ಗಾಳಿ ಸೇರಿದರೆ ಒಣಗಿದೆ ಅನ್ನುತ್ತದೆ. ಇವನ್ನೆಲ್ಲ ಸಂಭಾಳಿಸಬಹುದು. ಸಂಭಾಳಿಸಲಾಗದ್ದು ಚಿಕ್ಕಪ್ಪನ ಮಾತು: "ಒಣಗೈತೆ ಅಂತ ನಿನ್ ಡಬ್ಬ ಹೇಳಿದ್ರೆ ಕರೆಂಟ್ ಬರುತ್ತೇನಪ್ಪಾ?" ತೋಟಕ್ಕೆ ನೀರು ಬಿಡುವುದು ಮಣ್ಣು ಕೇಳಿದಾಗಲ್ಲ, ಕರೆಂಟ್ ಬಂದಾಗ. ಹಾಗಾಗಿ ಆ ಅಂಕಿ ನೋಡಿ ಅವರು ಮಾಡುವ ಕೆಲಸ ಏನೂ ಬದಲಾಗಲಿಲ್ಲ. ಬ್ಯಾಟರಿ ಸತ್ತು ಡಬ್ಬ ಸುಮ್ಮನಾದದ್ದು ನಾನು ಹೋಗಿ ನೋಡುವವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ಮನೆಯವರ ಮುಲಾಜಿನ "ಚೆನ್ನಾಗೈತೆ"ಗಿಂತ ಇಂಥದ್ದನ್ನು ನಂಬಬೇಕು.

ಆದರೆ ಆ ಮಾತೇ ಮೂರನೆಯದಕ್ಕೆ ದಾರಿ ಮಾಡಿತು. ಪಂಪ್‌ಸೆಟ್ ಲೈನಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಎಂಬ ಲೆಕ್ಕ ಇದೆ. ಅದು ಪಾಳಿಯಲ್ಲಿ ಬರುತ್ತದೆ, ನಡುವೆ ಹೋಗುತ್ತದೆ, ಮತ್ತೆ ರಾತ್ರಿ ಯಾವಾಗಲೋ ಬರುತ್ತದೆ. ಆಟೋ ಸ್ಟಾರ್ಟರ್ ಇದೆಯಲ್ಲ ಅಂತ ಕೇಳುವವರಿಗೆ: ಇದೆ, ಮೋಟ್ರು ತಾನೇ ಶುರುವಾಗುತ್ತದೆ, ಆದರೆ ಗೇಟ್ ವಾಲ್ ತಿರುಗಿಸಲು ಮನುಷ್ಯನೇ ಹೋಗಬೇಕು. ಇಲ್ಲದಿದ್ದರೆ ನಿನ್ನೆ ಕುಡಿದ ಗಿಡವೇ ಇವತ್ತೂ ಕುಡಿಯುತ್ತದೆ. ಮೊಬೈಲಿನಿಂದ ನಡೆಯುವ ಸ್ಟಾರ್ಟರುಗಳೂ ಅಂಗಡಿಯಲ್ಲಿವೆ. ಅವು ನನ್ನ ಬಜೆಟ್ಟಿಗಿಂತ ದುಬಾರಿ, ಮೇಲಾಗಿ ಈಗಿರುವ ಸ್ಟಾರ್ಟರ್ ವೈರಿಂಗನ್ನು ಮುಟ್ಟಬೇಕು. ನನ್ನ ಡಬ್ಬ ಮೋಟ್ರಿನ ತಂಟೆಗೇ ಹೋಗುವುದಿಲ್ಲ, ನೋಡಿ ಹೇಳುತ್ತದೆ ಅಷ್ಟೇ.

ಒಳಗಿರುವುದು ಕೋಡ್ ಓಡಿಸುವ ಒಂದು ಪ್ರೊ ಮಿನಿ ಬೋರ್ಡ್, ಸಿಮ್800ಎಲ್ ಎಂಬ 2ಜಿ ಮಾಡ್ಯೂಲ್, ಒಂದು ಲಿಥಿಯಂ ಸೆಲ್ಲು, ಅದರ ಚಾರ್ಜರ್, ಕರೆಂಟ್ ಇದೆ ಅನ್ನುವುದನ್ನು ಒಳಗಿನ ಎಲ್ಇಡಿಯ ಬೆಳಕಿನಿಂದ ಬೋರ್ಡಿಗೆ ತಿಳಿಸುವ ಮೂರು ಪಿಸಿ817 ಆಪ್ಟೋಕಪ್ಲರ್. ಡಬ್ಬವೂ ಸೇರಿ 1,300 ರೂಪಾಯಿ ಆಸುಪಾಸು. ಸೆಲ್ಲು ಕರೆಂಟ್ ಹೋದಾಗ ಡಬ್ಬ ಬದುಕಿರಲಿ ಎಂಬುದಕ್ಕಷ್ಟೇ ಅಲ್ಲ. ಸಿಮ್800ಎಲ್ ಟವರಿನ ಜೊತೆ ಮಾತಾಡುವಾಗ ಕ್ಷಣಮಾತ್ರ 2 ಆಂಪಿಯರ್ ತನಕ ಎಳೆಯುತ್ತದೆ. ಸಣ್ಣ ಅಡಾಪ್ಟರು ಅದನ್ನು ಕೊಡಲಾರದೆ ವೋಲ್ಟೇಜ್ ಕುಸಿದು ಮಾಡ್ಯೂಲ್ ರೀಸೆಟ್ ಆಗುತ್ತದೆ. ನಡುವೆ ಸೆಲ್ಲಿದ್ದರೆ ಆ ತೊಂದರೆ ಇಲ್ಲ. ಎಸ್ಸೆಮ್ಮೆಸ್ ಕಳಿಸಿದರೆ ರಾತ್ರಿ ಯಾರೂ ನೋಡುವುದಿಲ್ಲ, ಹಾಗಾಗಿ ಕಾಲ್. ಮಾಡ್ಯೂಲಿಗೆ ಕೊಡುವ ಆಜ್ಞೆ ಇಷ್ಟೇ: ನಂಬರಿನ ಮುಂದೆ `ATD`, ಕೊನೆಗೆ ಅರ್ಧವಿರಾಮ, ಇಪ್ಪತ್ತು ಸೆಕೆಂಡ್ ರಿಂಗ್ ಆದ ಮೇಲೆ ಕಾಲ್ ಕತ್ತರಿಸಲು `ATH`. ಆ ಅರ್ಧವಿರಾಮ ಬಿಟ್ಟರೆ ಅದು ಮಾತಿನ ಕರೆ ಆಗುವುದಿಲ್ಲ.

ಇನ್ನು ತಲೆ ತಿಂದ ತೊಡಕು. ಮೂರು ಆಪ್ಟೋಕಪ್ಲರುಗಳನ್ನು ಒಂದೊಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಹಾಕಿ, ಮೂರೂ ಹೊತ್ತಿಕೊಂಡರೆ ಕಾಲ್ ಮಾಡು ಅಂತ ಬರೆದಿದ್ದೆ. ರಾತ್ರಿ ಕಾಲ್ ಬಂತು, ಚಿಕ್ಕಪ್ಪ ಬ್ಯಾಟರಿ ಹಿಡಿದು ತೋಟಕ್ಕೆ ಹೋದರು, ಮೋಟ್ರು ಎತ್ತಲಿಲ್ಲ. ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದು: "ಬಂದಿದ್ದು ಸಿಂಗಲ್ ಫೇಸ್ ಕಣೋ. ಬೋರ್ಡಲ್ಲಿ ಒಂದು ಲೈಟು ಚೆನ್ನಾಗಿತ್ತು, ಇನ್ನೆರಡು ಮಂಕು."

ಆ ಎರಡು ಮಂಕು ದೀಪಗಳಲ್ಲೇ ಉತ್ತರ ಇತ್ತು. ತ್ರೀ ಫೇಸ್ ಪಾಳಿ ಮುಗಿದ ಮೇಲೆ ನಮ್ಮ ಲೈನಿನಲ್ಲಿ 11 ಸಾವಿರ ವೋಲ್ಟಿನ ಮೂರು ತಂತಿಗಳ ಪೈಕಿ ಒಂದರ ಸಂಪರ್ಕ ತಪ್ಪಿಸಿರುತ್ತಾರೆ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರಿನ, ಮೇಲ್ಬದಿಯ ಸುರುಳಿಗಳು ಒಂದಕ್ಕೊಂದು ತ್ರಿಕೋನದಂತೆ ಜೋಡಿಸಿರುವುದರಿಂದ, ಒಂದು ಸುರುಳಿಗೆ ಪೂರ್ತಿ ವೋಲ್ಟೇಜ್ ಸಿಗುತ್ತದೆ. ಉಳಿದೆರಡು ಸರಣಿಯಲ್ಲಿ ಕೂತು ಅದನ್ನೇ ಅರ್ಧರ್ಧ ಹಂಚಿಕೊಳ್ಳುತ್ತವೆ. ಕೆಳಗೆ ನಮ್ಮ ಬೋರ್ಡಿನಲ್ಲಿ ಒಂದು ಫೇಸ್ 230 ವೋಲ್ಟ್, ಎರಡು ಸುಮಾರು 115. ಆಪ್ಟೋಕಪ್ಲರ್ ಒಳಗಿನ ಎಲ್ಇಡಿ ಹೊತ್ತಲು ಅಷ್ಟು ಧಾರಾಳವಾಗಿ ಸಾಕು, ಅದಕ್ಕೇ ಮೂರೂ ಇವೆ ಅನ್ನುತ್ತದೆ.

ವೋಲ್ಟೇಜಿನ ಮಟ್ಟ ನೋಡಿ ಬೇರ್ಪಡಿಸೋಣ ಅಂದುಕೊಂಡೆ. ಆದರೆ ಹಳ್ಳಿ ಲೈನಿನಲ್ಲಿ ನಿಜವಾದ ತ್ರೀ ಫೇಸೇ ಸೊರಗಿ ಬರುತ್ತದೆ. ಅರ್ಧ ಅನ್ನುವುದೂ ಟಿಸಿ ಮೇಲಿನ ಮನೆಗಳ ಲೋಡು ನೋಡಿಕೊಂಡು ಏರುಪೇರಾಗುತ್ತದೆ. ಗೆರೆ ಎಲ್ಲಿ ಎಳೆಯುವುದು?

ನಂಬಬಹುದಾದದ್ದು ಸಮಯ. ನಮ್ಮ ಕರೆಂಟ್ 50 ಹರ್ಟ್ಜ್, ಒಂದು ಸುತ್ತಿಗೆ 20 ಮಿಲಿಸೆಕೆಂಡ್. ನಿಜವಾದ ತ್ರೀ ಫೇಸಿನಲ್ಲಿ ಒಂದು ಫೇಸ್ ಏರಿದ 6.67 ಮಿಲಿಸೆಕೆಂಡಿಗೆ ಇನ್ನೊಂದು ಏರುತ್ತದೆ, 13.33ಕ್ಕೆ ಮೂರನೆಯದು. ಆ ಅರ್ಧರ್ಧದ ಆಟದಲ್ಲಿ ಎರಡು ಮಂಕು ಫೇಸ್‌ಗಳು ಒಟ್ಟಿಗೇ ಏರುತ್ತವೆ, ಪೂರ್ತಿ ಇರುವುದು ಅವಕ್ಕೆ ನೇರ ತಿರುಗುಮುರುಗು. ಹಾಗಾಗಿ ಯಾವ ಜೋಡಿ ತೆಗೆದುಕೊಂಡರೂ ಅಂತರ ಸೊನ್ನೆ ಇಲ್ಲವೇ 10 ಮಿಲಿಸೆಕೆಂಡ್. ಹಾರ್ಡ್‌ವೇರ್ ಮುಟ್ಟದೆ ಇಷ್ಟು ಬರೆದೆ:

```
bool gap120(unsigned long us) {
  us %= 20000UL;
  return (us > 5500 && us < 7800) ||
         (us > 12200 && us < 14500);
}
bool three = gap120(tY - tR) && gap120(tB - tR);
```

`tR`, `tY`, `tB` ಅಂದರೆ ಆಯಾ ಫೇಸ್ ಏರಿದ ಗಳಿಗೆ, ಮೈಕ್ರೋಸೆಕೆಂಡಿನಲ್ಲಿ. `tR` ಮೊದಲು, ಅದರ ನಂತರ ಬಂದ ಉಳಿದೆರಡು. ಮಿತಿ ಅಗಲವಾಗಿದೆ ಏಕೆಂದರೆ ವೋಲ್ಟೇಜ್ ಕಮ್ಮಿ ಇದ್ದಾಗ ಎಲ್ಇಡಿ ಸುಮಾರು ಅರ್ಧ ಮಿಲಿಸೆಕೆಂಡ್ ತಡವಾಗಿ ಹೊತ್ತುತ್ತದೆ. ಎರಡು ನಿಮಿಷ ಸತತ ಸರಿ ಇದ್ದರೆ ಮಾತ್ರ ಕಾಲ್.

ಇದನ್ನು ಮನೆಯಲ್ಲೇ ಅರ್ಧ ಪರೀಕ್ಷಿಸಬಹುದು. ಮೂರೂ ಇನ್‌ಪುಟ್ಟನ್ನು ಒಂದೇ ಫೇಸಿಗೆ ಕೊಟ್ಟರೆ ಅಂತರ ಸೊನ್ನೆ. ಒಂದರ ಎರಡು ತಂತಿ ಅದಲುಬದಲು ಮಾಡಿದರೆ 10. ಎರಡರಲ್ಲೂ ಡಬ್ಬ ಬಾಯಿ ಬಿಡಬಾರದು. ನಿಜವಾದ 6.67 ನೋಡಬೇಕಾದರೆ ಹಿಟ್ಟಿನ ಗಿರಣಿಗೋ ತೋಟಕ್ಕೋ ಹೋಗಬೇಕು. ಪ್ರತಿ ಇನ್‌ಪುಟ್ಟಿಗೆ 100 ಕಿಲೋ ಓಮಿನ ಎರಡು ರೆಸಿಸ್ಟರ್ ಸರಣಿಯಲ್ಲಿರಲಿ, ಎಲ್ಇಡಿಗೆ ಸಮಾಂತರವಾಗಿ ಎದುರು ದಿಕ್ಕಿನಲ್ಲಿ ಒಂದು 1ಎನ್4007 ಡಯೋಡ್ ಇರಲಿ, ಇಲ್ಲದಿದ್ದರೆ ಉಲ್ಟಾ ಅರ್ಧಸುತ್ತು ಎಲ್ಇಡಿಯನ್ನು ಕೆಡಿಸುತ್ತದೆ. ಪ್ಯಾನಲ್ಲಿಗೆ ಜೋಡಿಸುವುದನ್ನು ನಾನು ಊರಿನ ಎಲೆಕ್ಟ್ರಿಷಿಯನ್ನಿಗೇ ಬಿಟ್ಟೆ, ಮೇನ್ ಫ್ಯೂಸ್ ಕಿತ್ತು. ಎರಡು ಫೇಸಿನ ನಡುವೆ ಸುಮಾರು 400 ವೋಲ್ಟ್ ಇರುತ್ತದೆ, ಅಲ್ಲಿ ಭಾನುವಾರದ ಧೈರ್ಯ ನಡೆಯುವುದಿಲ್ಲ.

ಇನ್ನೂ ಒಂದು ಕೊರತೆ ಇದೆ. ಅದೇ ಟಿಸಿ ಮೇಲೆ ಯಾರಾದರೂ ಕಂಡೆನ್ಸರ್ ಹಾಕಿ ಸಿಂಗಲ್ ಫೇಸಿನಲ್ಲೇ ಮೋಟ್ರು ಓಡಿಸುತ್ತಿದ್ದರೆ, ಓಡುವ ಮೋಟ್ರೇ ಕಾಣೆಯಾದ ಫೇಸನ್ನು ಒಂದಿಷ್ಟು ಹುಟ್ಟಿಸುತ್ತದೆ. ಆಗ ಡಬ್ಬ ಮೋಸ ಹೋಗಬಹುದು. ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಆದರೂ ಇದನ್ನೇ ಏಕೆ ಉಳಿಸಿಕೊಂಡೆ? ಕೋಡ್ ತಿದ್ದಲು ಡಬ್ಬವನ್ನು ದಾವಣಗೆರೆಗೆ ತಂದಿದ್ದಾಗ, ಯಾವಾಗ ವಾಪಸ್ಸು ಕೊಡುತ್ತೀಯ ಅಂತ ಚಿಕ್ಕಪ್ಪನೇ ಫೋನ್ ಮಾಡಿದರು. ಅದೇ ಟಿಸಿಯ ಪಕ್ಕದ ತೋಟದವರು ತಮ್ಮ ನಂಬರನ್ನೂ ಸೇರಿಸು ಅಂದರು, ತಿಂಗಳ ರೀಚಾರ್ಜಿನಲ್ಲಿ ಪಾಲು ಕೊಡುತ್ತೇವೆ ಅಂತಲೂ ಅಂದರು. ಟ್ಯಾಂಕಿಗೂ ತೇವಕ್ಕೂ ಯಾರೂ ಹೀಗೆ ದುಡ್ಡಿನ ಮಾತೆತ್ತಿರಲಿಲ್ಲ.

ನಗರದಲ್ಲೇ ಇದ್ದು ತೋಟದವರ ಪರಿಚಯ ಇಲ್ಲದವರಿಗೆ ಇದು ಬೇಡ, ಟ್ಯಾಂಕಿನ ಕೆಲಸವೇ ಕೈಪಳಗಲು ಸರಿ. ಕಟ್ಟುವವರು ಸಾಮಾನು ತರಿಸುವ ಮುಂಚೆ ಒಂದು ಹಳೆ ಕೀಪ್ಯಾಡ್ ಫೋನಿಗೆ 2ಜಿ ನಡೆಯುವ ಸಿಮ್ ಹಾಕಿ, ಪ್ಯಾನಲ್ ಬೋರ್ಡಿನ ಪಕ್ಕ ನಿಂತು ಕಾಲ್ ಮಾಡಿ ನೋಡಿ. ಜಿಯೋ ಸಿಮ್ ಇದಕ್ಕೆ ಆಗದು, ಅವರದು 2ಜಿ ಇಲ್ಲ. ಸಿಗ್ನಲ್ ಸಿಗದಿದ್ದರೆ 4ಜಿ ಮಾಡ್ಯೂಲ್ ಬೇಕು, ಆಗ ಖರ್ಚು ನನ್ನ 1,500 ದಾಟುತ್ತದೆ.