ನಿಕಲ್ ಅಲರ್ಜಿ ಇರುವವಳ ಕಿವಿ, ಕತ್ತು, ಬೆರಳು: ನಾಲ್ಕು ಲೋಹ ಆರು ವರ್ಷ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನಗಿರುವುದು ನಿಕಲ್ ಅಲರ್ಜಿ. ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಿದ ಮೇಲೆ ಗೊತ್ತಾದದ್ದು. ಬೆನ್ನಿಗೆ ಚಿಕ್ಕ ಚಿಕ್ಕ ಪಟ್ಟಿ ಅಂಟಿಸಿ ಎರಡು ದಿನ ಹಾಗೇ ಬಿಟ್ಟರು. ತೆಗೆದಾಗ ನಿಕಲ್ ಇದ್ದ ಜಾಗ ಸ್ವಲ್ಪ ಕೆಂಪಗಿತ್ತು, ಅಷ್ಟೇ. ಇನ್ನೆರಡು ದಿನ ಕಳೆದು ಮತ್ತೆ ನೋಡಿದಾಗ ಅಲ್ಲಿ ಸಣ್ಣ ಗುಳ್ಳೆಗಳು ಎದ್ದಿದ್ದವು. ಕೋಬಾಲ್ಟ್, ಕ್ರೋಮಿಯಂ, ಚಿನ್ನ ಹಚ್ಚಿದ್ದ ಜಾಗಗಳಲ್ಲಿ ಏನೂ ಇರಲಿಲ್ಲ. ನಿಮಗೆ ಚಿನ್ನಕ್ಕೋ ಕೋಬಾಲ್ಟಿಗೋ ಅಲರ್ಜಿ ಇದ್ದರೆ ನನ್ನ ಲೆಕ್ಕ ನಿಮಗೆ ಹೊಂದುವುದಿಲ್ಲ.

ಆ ಎರಡು ದಿನದ ತಡವೇ ನನ್ನನ್ನು ವರ್ಷಗಟ್ಟಲೆ ದಾರಿ ತಪ್ಪಿಸಿದ್ದು. ಶನಿವಾರ ಓಲೆ ಹಾಕಿ ಭಾನುವಾರ ತೆಗೆದಿಡುತ್ತಿದ್ದೆ. ಸೋಮವಾರ ಕಿವಿ ತುರಿಸುತ್ತಿತ್ತು. ಬೈಗುಳ ಬೀಳುತ್ತಿದ್ದದ್ದು ಶಾಂಪೂಗೆ. ಈ ಅಲರ್ಜಿ ತಕ್ಷಣ ಕಾಣಿಸಿಕೊಳ್ಳುವುದಿಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ದಿನ ತೆಗೆದುಕೊಳ್ಳುತ್ತದೆ. ಅಂಗಡಿಯಲ್ಲಿ ಐದು ನಿಮಿಷ ಹಾಕಿ ನೋಡಿ "ಏನೂ ಆಗಲಿಲ್ಲ" ಅಂದುಕೊಳ್ಳುವುದರಲ್ಲಿ ಅರ್ಥವೇ ಇಲ್ಲ.

ಟೆಸ್ಟ್ ಆದ ಮೇಲೆ ನಾನು ಮೊದಲು ಹೋದದ್ದು ಬೆಳ್ಳಿಗೆ. 92.5 ಎಂದು ಗುರುತಿರುವ ಬೆಳ್ಳಿಯಲ್ಲಿ ಶೇಕಡ 92.5 ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ನಿಕಲ್ ಹಾಕುವ ಅಗತ್ಯವೇ ಇಲ್ಲ. ಒಂದು ತೆಳು ಸರ, ಒಂದು ಜೊತೆ ಓಲೆ ತೆಗೆದುಕೊಂಡೆ. ಓಲೆ ಇವತ್ತಿಗೂ ಹಾಕುತ್ತೇನೆ, ಏನೂ ತೊಂದರೆಯಿಲ್ಲ. ಆದರೆ ಸರ ಹಾಕಿದ ಎರಡನೇ ವಾರಕ್ಕೆ ಕತ್ತಿನ ಹಿಂಭಾಗದಲ್ಲಿ ತುರಿಕೆ ಶುರುವಾಯಿತು.

ಬೆಳ್ಳಿಯೇ ಕಲಬೆರಕೆ ಅಂದುಕೊಂಡು ಸರವನ್ನು ಡಬ್ಬಿಗೆ ಹಾಕಿ ಮರೆತೆ. ತಿಂಗಳುಗಳಾದ ಮೇಲೆ ಒಂದು ದಿನ ಕನ್ನಡಿಯಲ್ಲಿ ನೋಡುವಾಗ ಹೊಳೆಯಿತು. ಕತ್ತಿನ ಸುತ್ತ ಎಲ್ಲೂ ಕಲೆಯಿಲ್ಲ. ಹಿಂದುಗಡೆ ಮಾತ್ರ, ಕಡಲೆಕಾಳಿನಷ್ಟು ಜಾಗದಲ್ಲಿ, ಚರ್ಮ ದಪ್ಪವಾಗಿ ಕಪ್ಪಾಗಿದೆ. ಸರದ ತಪ್ಪಾಗಿದ್ದರೆ ಸುತ್ತಲೂ ಗೆರೆ ಬೀಳಬೇಕಿತ್ತು, ಅಲ್ವಾ? ಕಲೆ ಇದ್ದದ್ದು ಸರಿಯಾಗಿ ಕೊಂಡಿ ಕೂರುವ ಜಾಗದಲ್ಲಿ.

ಆಗ ನಿಕಲ್ ಪರೀಕ್ಷೆಯ ಕಿಟ್ ತರಿಸಿಕೊಂಡೆ. ಎರಡು ಪುಟ್ಟ ಬಾಟಲಿ. ಒಂದರಲ್ಲಿ ಡೈಮಿಥೈಲ್ ಗ್ಲೈಆಕ್ಸೈಮ್ ಅನ್ನುವ ದ್ರಾವಣ, ಇನ್ನೊಂದರಲ್ಲಿ ಅಮೋನಿಯ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಎರಡರಿಂದಲೂ ಒಂದೆರಡು ಹನಿ ಬಿಟ್ಟು, ಲೋಹದ ಮೇಲೆ ಅರ್ಧ ನಿಮಿಷ ಉಜ್ಜಬೇಕು. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಲೋಹ ನಿಕಲ್ ಬಿಡುತ್ತಿದೆ ಎಂದರ್ಥ. ಕಂದು, ಬೂದು ಬಣ್ಣ ಬರೀ ಕೊಳೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಒಡವೆಗೆ ಹಾನಿಯಾಗುವುದಿಲ್ಲ, ಒರೆಸಿ ತೊಳೆದರೆ ಸಾಕು. ಅಮೋನಿಯದ ವಾಸನೆ ಮಾತ್ರ ತಲೆಗೇರುತ್ತದೆ, ಕಿಟಕಿ ತೆಗೆದಿಟ್ಟು ಮಾಡಿ.

ಸರದ ಎಳೆಯ ಮೇಲೆ ಉಜ್ಜಿದೆ, ಹತ್ತಿ ಬೆಳ್ಳಗೇ ಇತ್ತು. ಬಳೆಯಾಕಾರದ ಪುಟ್ಟ ಕೊಂಡಿಯ ಮೇಲೆ ಉಜ್ಜಿದೆ, ಅಲ್ಲೂ ಏನಿಲ್ಲ. ಕೊಂಡಿಯನ್ನು ತೆರೆದು, ಹಿಂದಕ್ಕೆ ಸರಿಯುವ ನಾಲಿಗೆಯ ಸಂದಿಯಲ್ಲಿ ಉಜ್ಜಿದಾಗ ಹತ್ತಿಯ ತುದಿ ಗುಲಾಬಿಯಾಯಿತು. ಒಳಗಿರುವ ಸ್ಪ್ರಿಂಗ್ ಬೆಳ್ಳಿಯದಲ್ಲ. ಬೆಳ್ಳಿ ಮೆದು, ಅದರಿಂದ ಸ್ಪ್ರಿಂಗ್ ಮಾಡಿದರೆ ನಿಲ್ಲುವುದಿಲ್ಲ. ಅದಕ್ಕೇ ಬೇರೆ ಲೋಹ ಹಾಕುತ್ತಾರೆ. ಕತ್ತಿನ ಹಿಂದೆ ಬೆವರು ನಿಲ್ಲುತ್ತದೆ, ಬೆವರು ಆ ಸಂದಿಗೆ ಇಳಿದು ನಿಕಲ್ ಕರಗಿಸಿಕೊಂಡು ಹೊರಗೆ ಬರುತ್ತದೆ. ಸ್ಪ್ರಿಂಗ್ ಇಲ್ಲದ, ಎಸ್ ಅಕ್ಷರದಂತೆ ಬಗ್ಗಿಸಿದ ಬೆಳ್ಳಿ ತಂತಿಯ ಕೊಂಡಿ ಹಾಕಿಸಿದೆ. ಅದೇ ಸರ ಈಗ ನಾಲ್ಕು ವರ್ಷದಿಂದ ಕತ್ತಿನಲ್ಲಿದೆ.

ಅಲ್ಲಿಂದ ನನ್ನ ಅಭ್ಯಾಸವೇ ಬದಲಾಯಿತು. "ಇದು ಯಾವ ಲೋಹ" ಅಂತ ಕೇಳುವುದರ ಜೊತೆಗೆ "ಚರ್ಮಕ್ಕೆ ತಾಗುವ ಚೂರು ಯಾವುದು" ಅಂತ ನೋಡುತ್ತೇನೆ. ಇನ್ನೊಂದು ಮಾತು, ಜರ್ಮನ್ ಸಿಲ್ವರ್ ಅನ್ನುವುದರಲ್ಲಿ ಬೆಳ್ಳಿ ಒಂದು ಚೂರೂ ಇರುವುದಿಲ್ಲ. ಅದು ತಾಮ್ರ, ಸತು, ನಿಕಲ್. ನಮ್ಮಂಥವರು ಅದರ ಹತ್ತಿರವೂ ಹೋಗಬಾರದು.

ಬೆಳ್ಳಿಯ ದೂರು ಒಂದೇ, ಕಪ್ಪಾಗುತ್ತದೆ. ಅದು ಗಂಧಕದಿಂದ ಆಗುವ ಬಣ್ಣ, ಅಲರ್ಜಿಗೂ ಅದಕ್ಕೂ ಸಂಬಂಧವಿಲ್ಲ. ಒರೆಸಿದರೆ ಹೋಗುತ್ತದೆ.

ಈಗ ಸರ್ಜಿಕಲ್ ಸ್ಟೀಲ್. ಜಾಸ್ತಿ ಗೊಂದಲ ಇರುವುದು ಇಲ್ಲೇ. ಹೆಸರು ಕೇಳಿದರೆ ಆಪರೇಷನ್ ಥಿಯೇಟರ್ ನೆನಪಾಗಿ ಧೈರ್ಯ ಬರುತ್ತದೆ. ನಿಜ ಏನೆಂದರೆ ಆ ಹೆಸರಿಗೆ ಒಂದೇ ಒಂದು ಕಟ್ಟುನಿಟ್ಟಾದ ಅರ್ಥವಿಲ್ಲ. ಒಳ್ಳೆಯದೆಂದು ಹೇಳುವ 316 ಎಲ್ ಸ್ಟೀಲಿನಲ್ಲೂ ಶೇಕಡ 10ರಿಂದ 14ರಷ್ಟು ನಿಕಲ್ ಇರುತ್ತದೆ! ಇದನ್ನು ಓದಿದ ದಿನ ನನಗೆ ಗಾಬರಿಯೇ ಆಗಿತ್ತು.

ಆದರೆ ಒಳಗೆ ಎಷ್ಟಿದೆ ಅನ್ನುವುದಕ್ಕಿಂತ ಹೊರಗೆ ಎಷ್ಟು ಬರುತ್ತದೆ ಅನ್ನುವುದು ಮುಖ್ಯ. ಈ ಸ್ಟೀಲಿನಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಆ ಪೊರೆ ನಿಕಲ್ ಅನ್ನು ಒಳಗೇ ಹಿಡಿದಿಡುತ್ತದೆ. ಗೀರಿದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಯುರೋಪಿನ ಕಾನೂನು ಕೂಡ ಅಳೆಯುವುದು ಹೊರಬರುವ ನಿಕಲ್ ಅನ್ನೇ. ಚರ್ಮಕ್ಕೆ ತಾಗಿಕೊಂಡೇ ಇರುವ ವಸ್ತುವಿನಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂ ದಾಟಬಾರದು. ಚುಚ್ಚಿದ ತೂತಿನೊಳಗೆ ಹೋಗುವ ಕಡ್ಡಿಗೆ ಮಿತಿ ಇನ್ನೂ ಬಿಗಿ, 0.2.

ನನ್ನ ಮೊದಲ ಜೊತೆಯ ಪೊಟ್ಟಣದ ಮೇಲೆ "ಸರ್ಜಿಕಲ್ ಸ್ಟೀಲ್" ಅಂತಷ್ಟೇ ಇತ್ತು. ತಂಪಿನ ತಿಂಗಳುಗಳಲ್ಲಿ ಹಾಯಾಗಿತ್ತು. ಸೆಕೆ ಶುರುವಾದ ಮೇಲೆ ಕಿವಿಯ ಹಿಂಬದಿ ಕೆಂಪಾಗಿ ಒಸರತೊಡಗಿತು. ಮುಂದೆ ಚೆನ್ನಾಗಿದೆ, ಹಿಂದೆ ಮಾತ್ರ ಹೀಗೆ. ಕಿಟ್ ತೆಗೆದೆ. ಕಡ್ಡಿ ಪಾಸು, ಹಿಂದೆ ಸಿಕ್ಕಿಸುವ ಚಿಟ್ಟೆ ಆಕಾರದ ಹಿಡಿಕೆ ಗಾಢ ಗುಲಾಬಿ. ಓಲೆ ಒಂದು ಲೋಹ, ಹಿಡಿಕೆ ಇನ್ನೊಂದು. ಎರಡನೇ ಜೊತೆ ಕೊಳ್ಳುವಾಗ ಹಿಡಿಕೆಯೂ 316 ಎಲ್ ಅಂತ ಬರೆದಿರುವುದನ್ನೇ ಆರಿಸಿದೆ. ಮೂರು ವರ್ಷವಾಯಿತು.

ಆ ಮೂರು ವರ್ಷದಲ್ಲಿ ಒಂದು ಸಲ ಮಾತ್ರ ಕೈಕೊಟ್ಟಿತು. ಟವೆಲಿಗೆ ಓಲೆ ಸಿಕ್ಕಿ ತೂತು ಹರಿದಂತಾಯಿತು. ಗಾಯ ಹಸಿಯಿದ್ದಾಗಲೇ ಅದೇ ಓಲೆ ಹಾಕಿದೆ. ಮೂರನೇ ದಿನ ತುರಿಕೆ. ಗಟ್ಟಿ ಚರ್ಮ ತಡೆದುಕೊಳ್ಳುವ ಅಷ್ಟೋ ಇಷ್ಟೋ ನಿಕಲ್ ಅನ್ನು ಹಸಿ ಗಾಯ ತಡೆಯುವುದಿಲ್ಲ. ಹೀಗಾಗಿ ನಿಕಲ್ ಅಲರ್ಜಿ ಇರುವವರು ಹೊಸದಾಗಿ ಕಿವಿ ಚುಚ್ಚಿಸುವಾಗ ಸ್ಟೀಲ್ ಬೇಡ ಅನ್ನುತ್ತೇನೆ. ಆ ಕೆಲಸಕ್ಕೆ ಇಂಪ್ಲಾಂಟ್ ದರ್ಜೆಯ ಟೈಟಾನಿಯಂ ಒಳ್ಳೆಯದು. ಅದು ಈ ನಾಲ್ಕರ ಲೆಕ್ಕಕ್ಕೆ ಹೊರಗಿನದು, ಇರಲಿ.

ಅಯಸ್ಕಾಂತ ಹಿಡಿದು ನೋಡಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 316 ಎಲ್ ನಿಕಲ್ ಇದ್ದೂ ಅಂಟುವುದಿಲ್ಲ. ನಿಕಲ್ ಬಹುತೇಕ ಇಲ್ಲದ ಬೇರೆ ಕೆಲವು ಸ್ಟೀಲುಗಳು ಗಟ್ಟಿಯಾಗಿ ಅಂಟುತ್ತವೆ.

ಚಿನ್ನದ ಬಗ್ಗೆ ಎಲ್ಲರೂ ನಿಶ್ಚಿಂತೆ. 22 ಕ್ಯಾರೆಟ್ ಹಳದಿ ಚಿನ್ನದಲ್ಲಿ ಶೇಕಡ 91.6 ಚಿನ್ನ, ಉಳಿದದ್ದು ಸಾಮಾನ್ಯವಾಗಿ ಬೆಳ್ಳಿ, ತಾಮ್ರ. ಅಂಥ ಓಲೆ ನನ್ನ ಹತ್ತಿರ ಇದೆ, ಆರು ವರ್ಷದಲ್ಲಿ ಒಂದು ದಿನವೂ ಕಾಡಿಲ್ಲ. ನನ್ನ ತಪ್ಪು ಬಿಳಿ ಚಿನ್ನದ ಉಂಗುರ. 18 ಕ್ಯಾರೆಟ್ ಅಂದರೆ ಶೇಕಡ 75 ಚಿನ್ನ. ಉಳಿದ ಕಾಲು ಭಾಗದಲ್ಲಿ ಹಳದಿಯನ್ನು ಬಿಳಿ ಮಾಡಲು ನಿಕಲ್ ಇರಬಹುದು, ಪಲ್ಲಾಡಿಯಂ ಇರಬಹುದು. ಮೇಲೆ ರೋಡಿಯಂ ಲೇಪ ಕೊಡುತ್ತಾರೆ. ಲೇಪ ಗಟ್ಟಿಯಿದ್ದಷ್ಟು ದಿನ ಉಂಗುರ ಸಾಧು. ಎರಡನೇ ವರ್ಷ ಅಂಗೈ ಕಡೆ, ಜಾಸ್ತಿ ಸವೆಯುವ ಜಾಗದಲ್ಲಿ, ತಿಳಿ ಹಳದಿ ಛಾಯೆ ಕಾಣಿಸಿತು. ಒಂದು ವಾರದಲ್ಲಿ ಬೆರಳಿನ ಆ ಬದಿಗೇ ಗುಳ್ಳೆ. ಮತ್ತೆ ಲೇಪ ಹಾಕಿಸಿದೆ, ಮತ್ತೆ ಸವೆಯಿತು. ಕೊನೆಗೆ ಬಿಟ್ಟುಬಿಟ್ಟೆ.

ಉಂಗುರದ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಳಗೆ ಕೆಂಪಾದ ಮಾತ್ರಕ್ಕೆ ಲೋಹಕ್ಕೆ ಬೈಯಬೇಡಿ. ಪಾತ್ರೆ ತೊಳೆಯುವಾಗ ಸೋಪಿನ ನೀರು ಒಳಗೆ ನಿಂತರೂ ಹಾಗೇ ಆಗುತ್ತದೆ. ನಾನು ಮಾಡಿದ್ದು ಇಷ್ಟು: ಚರ್ಮ ಪೂರ್ತಿ ವಾಸಿಯಾದ ಮೇಲೆ ಉಂಗುರವನ್ನು ತೊಳೆದು ಒರೆಸಿ ಇನ್ನೊಂದು ಕೈಗೆ ಹಾಕಿದೆ. ನೀರಿನ ಕೆಲಸ ಮಾಡುವಾಗ ತೆಗೆದಿಟ್ಟೆ. ಮೂರು ದಿನದಲ್ಲಿ ಅಲ್ಲೂ ಗುಳ್ಳೆ ಎದ್ದಿತು. ಆಗ ಸೋಪು ನಿರ್ದೋಷಿ ಅಂತ ಖಾತ್ರಿಯಾಯಿತು.

ಹಿತ್ತಾಳೆಯನ್ನು ನಾನು ಇಷ್ಟಪಟ್ಟು ಕೊಂಡೆ. ನೋಡಲು ಚೆಂದ, ಹಗುರ ದುಡ್ಡು. ತಾಮ್ರ ಮತ್ತು ಸತುವಿನ ಬೆರಕೆ, ನಿಕಲ್ ಸೇರಲೇಬೇಕು ಅಂತೇನಿಲ್ಲ. ನನ್ನ ಲೇಪವಿಲ್ಲದ ಬಳೆ ಕೈಮೇಲೆ ಹಸಿರು ಗೆರೆ ಬಿಡುತ್ತದೆ. ಅದು ತಾಮ್ರ ಬೆವರಿನ ಜೊತೆ ಸೇರಿ ಆಗುವ ಬಣ್ಣ. ತುರಿಸುವುದಿಲ್ಲ, ಸೋಪು ಹಾಕಿ ತೊಳೆದರೆ ಹೋಗುತ್ತದೆ. ಅಲರ್ಜಿಯ ಕಲೆ ತೊಳೆದರೆ ಹೋಗುವುದಿಲ್ಲ. ಆದರೆ ಚಿನ್ನದ ಬಣ್ಣದ ಲೇಪ ಕೊಟ್ಟ ಹಿತ್ತಾಳೆ ಬೇರೆಯೇ ಕಥೆ. ಲೇಪ ಚೆನ್ನಾಗಿ ಹಿಡಿಯಲೆಂದು ನಡುವೆ ನಿಕಲ್ ಪದರ ಹಾಕುವುದು ಮಾಮೂಲಿ. ಹೊಸದರಲ್ಲಿ ಕಿಟ್ ಏನೂ ತೋರಿಸುವುದಿಲ್ಲ, ಏಕೆಂದರೆ ಅದು ನೋಡುವುದು ಮೇಲ್ಮೈಯನ್ನು ಮಾತ್ರ. ನನ್ನದೊಂದು ಜೊತೆ ಜುಮುಕಿ ಮೊದಲ ಸಲ ಪಾಸಾಗಿ, ಐದು ತಿಂಗಳ ಮೇಲೆ ಫೇಲಾಯಿತು. ಒಳಬದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿಯೂ ನೋಡಿದೆ. ಕಿವಿಯ ಕಡ್ಡಿಯ ಮೇಲೆ ಅದು ಕೆಲವು ದಿನ ಕೂಡ ನಿಲ್ಲಲಿಲ್ಲ.

ಸದ್ಯ ದಿನಾ ಹಾಕುವುದು ಹೀಗಿದೆ. ಕಿವಿಗೆ 22 ಕ್ಯಾರೆಟ್ ಓಲೆ, ತಿರುಪೂ ಅದೇ ಚಿನ್ನದ್ದು. ಓಡಾಟ, ವ್ಯಾಯಾಮದ ದಿನ 316 ಎಲ್ ಸ್ಟೀಲ್. ಕತ್ತಿಗೆ ಎಸ್ ಕೊಂಡಿಯ ಬೆಳ್ಳಿ ಸರ. ಹಿತ್ತಾಳೆ ಕೈಗೆ ಮಾತ್ರ, ಲೇಪವಿಲ್ಲದ್ದು. ಕಿಟ್‌ನಲ್ಲಿ ಇನ್ನೂ ಕಾಲು ಬಾಟಲಿ ಉಳಿದಿದೆ. ಆರು ತಿಂಗಳಿಗೊಮ್ಮೆ ಎಲ್ಲವನ್ನೂ ಹೊರಗೆ ಹಾಕಿಕೊಂಡು ಕಡ್ಡಿ, ತಿರುಪು, ಕೊಂಡಿ, ಬೆಸುಗೆ ಹಾಕಿದ ಜಾಗ ಎಲ್ಲ ಉಜ್ಜಿ ನೋಡುತ್ತೇನೆ. ಹೋದ ಸಲ ಪಾಸಾಗಿದ್ದ ಒಂದು ಕಾಲುಂಗುರ ಈ ಸಲ ಗುಲಾಬಿ ತೋರಿಸಿದೆ. ಅದು ಈಗ ಡಬ್ಬಿಯಲ್ಲಿದೆ.