‘ಶುಲ್ಕ ಶೂನ್ಯ’ ಎಂಬ ಮಾತನ್ನು ನಂಬಿ ನಾನು ಕಳೆದುಕೊಂಡ ಹಣದ ಲೆಕ್ಕ

ಶಾರ್ಜಾದಲ್ಲಿ ಕೆಲಸಕ್ಕಿರುವ ನಾನು ಪ್ರತಿ ತಿಂಗಳು ಸಂಬಳ ಬಂದ ವಾರದಲ್ಲಿ ಉಡುಪಿ ಸಮೀಪದ ಕಟಪಾಡಿಯಲ್ಲಿರುವ ಅಮ್ಮನ ಖಾತೆಗೆ ಮೂರು ಸಾವಿರ ದಿರ್ಹಂ ಕಳುಹಿಸುತ್ತೇನೆ. ಮೊದಲು ನಾನಿರುವ ಕೋಣೆಯ ಹತ್ತಿರದ ಎಕ್ಸ್‌ಚೇಂಜ್‌ಗೆ ಹೋಗಿ ಸಾಲಿನಲ್ಲಿ ನಿಂತು ಹಣ ಹಾಕುತ್ತಿದ್ದೆ. ಅಲ್ಲಿ ಪ್ರತಿ ಸಲ 22 ದಿರ್ಹಂ ಶುಲ್ಕ, ಅದರ ಮೇಲೆ ಶೇಕಡಾ 5 ವ್ಯಾಟ್ ಸೇರಿ 23.10 ದಿರ್ಹಂ ಆಗುತ್ತಿತ್ತು. ಹೀಗಿರುವಾಗ ‘ಶುಲ್ಕ ಶೂನ್ಯ, ಮನೆಯಲ್ಲೇ ಕುಳಿತು ಕಳುಹಿಸಿ’ ಎಂದು ಸಾರುವ ಒಂದು ಆ್ಯಪ್‌ನ ಜಾಹೀರಾತು ಕಣ್ಣಿಗೆ ಬಿತ್ತು. ಹೆಸರು ಇಲ್ಲಿ ಬೇಡ, ಏಕೆಂದರೆ ನಾನು ಹೇಳಹೊರಟಿರುವ ವಿಷಯ ಒಂದು ಕಂಪನಿಯದ್ದಲ್ಲ, ಲೆಕ್ಕ ಹಾಕುವ ಕ್ರಮದ್ದು. ಮೊದಲ ತಿಂಗಳು ಆ ಆ್ಯಪ್ ಕೊಟ್ಟ ದರ ಎಕ್ಸ್‌ಚೇಂಜ್‌ನ ದರಕ್ಕಿಂತಲೂ ಚೆನ್ನಾಗಿತ್ತು. ಅದು ಹೊಸ ಗ್ರಾಹಕರ ಮೊದಲ ವರ್ಗಾವಣೆಗೆ ಮಾತ್ರ ಇರುವ ದರ ಎಂಬ ಸಾಲು ಷರತ್ತುಗಳ ಒಳಗೆ ಎಲ್ಲೋ ಇತ್ತು, ನಾನು ಓದಿರಲಿಲ್ಲ. ಆ ಬಳಿಕ ಹದಿಮೂರು ತಿಂಗಳು ಕಣ್ಣುಮುಚ್ಚಿ ಅಲ್ಲಿಂದಲೇ ಕಳುಹಿಸಿದೆ.

ವ್ಯತ್ಯಾಸವನ್ನು ಕಂಡುಹಿಡಿದದ್ದು ನಾನಲ್ಲ, ಅಮ್ಮ. ಪಕ್ಕದ ಮನೆಯವರ ಮಗನೂ ಶಾರ್ಜಾದಲ್ಲೇ ಇದ್ದಾನೆ, ಅವನೂ ಶುಲ್ಕವನ್ನು ಒಳಗೊಂಡಂತೆ ಮೂರು ಸಾವಿರ ದಿರ್ಹಂ ಕಳುಹಿಸುವವನು, ಆದರೆ ಹಳೆಯ ಎಕ್ಸ್‌ಚೇಂಜ್ ಬಿಟ್ಟವನಲ್ಲ. ಒಂದು ಸಲ ಇಬ್ಬರೂ ಒಂದೇ ದಿನ ಕಳುಹಿಸಿದ್ದೆವು. ಎರಡು ಮನೆಯವರೂ ಒಟ್ಟಿಗೇ ಬ್ಯಾಂಕಿಗೆ ಹೋಗಿ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿಕೊಂಡು ಬಂದ ಮೇಲೆ ಅಮ್ಮ ಫೋನ್ ಮಾಡಿ, “ಅವರಿಗಿಂತ ನಮಗೆ ಮುನ್ನೂರ ಅರುವತ್ತೆಂಟು ರೂಪಾಯಿ ಕಡಿಮೆ ಬಂದಿದೆಯಲ್ಲ ಮಾರಾಯ, ನೀನು ಈ ಸಲ ಕಡಿಮೆ ಹಾಕಿದ್ದಾ?” ಎಂದು ಕೇಳಿದರು. ನಾನು ಕಡಿಮೆ ಹಾಕಿರಲಿಲ್ಲ. ಶುಲ್ಕವನ್ನೇ ಕೊಡದ ನನಗಿಂತ ಶುಲ್ಕ ಕೊಟ್ಟವನ ಮನೆಗೆ ಹೆಚ್ಚು ಹಣ ಸೇರಿತ್ತು.

ಆ ದಿನದ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಡಾಲರ್‌ಗೆ ಆಗ 84.83 ರೂಪಾಯಿ ಇತ್ತು. ಯುಎಇ ದಿರ್ಹಂ 1997ರಿಂದ ಡಾಲರ್‌ಗೆ 3.6725ರಂತೆ ಕಟ್ಟಿಹಾಕಲ್ಪಟ್ಟಿರುವುದರಿಂದ, ಡಾಲರ್‌ನ ರೂಪಾಯಿ ಬೆಲೆಯನ್ನು 3.6725ರಿಂದ ಭಾಗಿಸಿದರೆ ದಿರ್ಹಂನ ನಿಜವಾದ ಮಾರುಕಟ್ಟೆ ದರ ಸಿಗುತ್ತದೆ. ಅಂದು ಅದು 23.10 ರೂಪಾಯಿ. ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಳ್ಳುವ ಮತ್ತು ಮಾರುವ ದರಗಳ ನಡುವಿನ ಈ ಮಧ್ಯದರದಲ್ಲಿ ನಮ್ಮಂಥವರಿಗೆ ಸಾಮಾನ್ಯವಾಗಿ ಯಾರೂ ಹಣ ಕೊಡುವುದಿಲ್ಲ, ಕೊಡಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಆದರೆ ಅಳೆಯುವ ಕೋಲು ಅದೇ. ಆ ದರದಲ್ಲಿ ಮೂರು ಸಾವಿರ ದಿರ್ಹಂಗೆ 69,300 ರೂಪಾಯಿ ಆಗುತ್ತದೆ.

ಪಕ್ಕದ ಮನೆಯ ಹುಡುಗನಿಗೆ ಎಕ್ಸ್‌ಚೇಂಜ್ ಕೊಟ್ಟ ದರ 23.02. ಅಂದರೆ ಪ್ರತಿ ದಿರ್ಹಂನಲ್ಲಿ ಅವರು ಎಂಟು ಪೈಸೆ ಇಟ್ಟುಕೊಂಡರು. ಶುಲ್ಕ 23.10 ದಿರ್ಹಂ ಕಳೆದು ಉಳಿದ 2,976.90 ದಿರ್ಹಂಗೆ ಅವನ ಮನೆಗೆ ಸೇರಿದ್ದು 68,528 ರೂಪಾಯಿ. ನನಗೆ ಆ್ಯಪ್ ಕೊಟ್ಟ ದರ 22.72. ಶುಲ್ಕವೇನೂ ಇಲ್ಲ, ಪೂರ್ತಿ ಮೂರು ಸಾವಿರಕ್ಕೆ 68,160 ರೂಪಾಯಿ. ಅವನಿಗೆ ಒಟ್ಟು 772 ರೂಪಾಯಿ ಖರ್ಚಾಗಿದ್ದರೆ ನನಗೆ 1,140 ರೂಪಾಯಿ ಖರ್ಚಾಗಿತ್ತು, ಆದರೆ ನನ್ನ ರಸೀದಿಯಲ್ಲಿ ಆ ಖರ್ಚಿಗೆ ಒಂದು ಸಾಲೂ ಇರಲಿಲ್ಲ. ದರದೊಳಗೆ ಸೇರಿಸಿಟ್ಟ ಮೂವತ್ತೆಂಟು ಪೈಸೆಯ ಲಾಭಾಂಶವನ್ನು ರಸೀದಿ ಶುಲ್ಕವೆಂದು ಕರೆಯುವುದಿಲ್ಲ, ಅದಕ್ಕೆ ವ್ಯಾಟ್ ಸಾಲೂ ಬರುವುದಿಲ್ಲ, ಹಾಗಾಗಿ ನೋಡುವವನಿಗೆ ಏನೂ ಕಾಣಿಸುವುದಿಲ್ಲ.

ಹಳೆಯ ರಸೀದಿಗಳನ್ನೆಲ್ಲ ತೆಗೆದು ನೋಡಿದೆ. ಹಿಂದಿನ ದಿನಗಳ ಮಧ್ಯದರ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ ಹೇಳುತ್ತೇನೆ: ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಎಂಬ ಸಂಸ್ಥೆ 2018ರ ಜುಲೈಯಿಂದ ಡಾಲರ್‌ನ ಉಲ್ಲೇಖ ದರವನ್ನು ಕೆಲಸದ ದಿನಗಳಲ್ಲಿ ಪ್ರಕಟಿಸುತ್ತದೆ, ಅದಕ್ಕೆ ಮೊದಲು ಇದನ್ನು ರಿಸರ್ವ್ ಬ್ಯಾಂಕೇ ಮಾಡುತ್ತಿತ್ತು. ನಾನು ಕಳುಹಿಸಿದ ಪ್ರತಿ ದಿನದ ಆ ದರವನ್ನು 3.6725ರಿಂದ ಭಾಗಿಸಿ ನನ್ನ ರಸೀದಿಯ ದರದ ಪಕ್ಕದಲ್ಲಿ ಬರೆದುಕೊಂಡೆ. ಮೊದಲ ತಿಂಗಳ ಅಂತರ ಕೇವಲ ನಾಲ್ಕು ಪೈಸೆ, ಎರಡನೆಯ ತಿಂಗಳಿನಿಂದ ಮೂವತ್ತೈದು ಪೈಸೆಯಿಂದ ನಲವತ್ತು ಪೈಸೆ. ಎಕ್ಸ್‌ಚೇಂಜ್‌ನಲ್ಲೇ ಉಳಿದಿದ್ದರೆ ಈ ಹದಿಮೂರು ತಿಂಗಳಲ್ಲಿ ಸುಮಾರು 4,800 ರೂಪಾಯಿ ಉಳಿಯುತ್ತಿತ್ತು. ದೊಡ್ಡ ಮೊತ್ತವಲ್ಲ ಎನ್ನುವವರೂ ಇರಬಹುದು. ಅಮ್ಮನ ರಕ್ತದೊತ್ತಡ ಮತ್ತು ಸಕ್ಕರೆಯ ಮಾತ್ರೆಗಳಿಗೆ ಕೆಲವು ತಿಂಗಳು ಸಾಕಾಗುವಷ್ಟು ಹಣ ಅದು.

ಆ್ಯಪ್‌ನ ಗ್ರಾಹಕ ಸೇವೆಗೆ ಬರೆದಾಗ ಬಂದ ಉತ್ತರ ಎರಡೇ ಸಾಲಿನದ್ದು: ನಾವು ತಮ್ಮಿಂದ ಯಾವ ಶುಲ್ಕವನ್ನೂ ಪಡೆದಿಲ್ಲ, ಹಣ ಕಳುಹಿಸುವ ಮುನ್ನ ದರವನ್ನು ತಮಗೆ ತೋರಿಸಿದ್ದೇವೆ. ಎರಡೂ ನಿಜವೇ. ನನಗೆ ಸಿಟ್ಟು ಬಂದದ್ದು ಸುಳ್ಳು ಹೇಳಿದರೆಂದಲ್ಲ, ನಿಜವನ್ನೇ ಹೇಳಿ ದಾರಿ ತಪ್ಪಿಸಿದರೆಂದು. ವಿಶ್ವಬ್ಯಾಂಕ್ ಹಣ ರವಾನೆಯ ವೆಚ್ಚವನ್ನು ಲೆಕ್ಕ ಹಾಕುವಾಗ ಶುಲ್ಕ ಮತ್ತು ವಿನಿಮಯ ದರದ ಲಾಭಾಂಶ ಎರಡನ್ನೂ ಕೂಡಿಸಿಯೇ ಹೇಳುತ್ತದೆ, ಜಾಹೀರಾತು ಹಾಗೆ ಹೇಳುವುದಿಲ್ಲ.

ಸಿಟ್ಟಿನಲ್ಲಿ ಮರುತಿಂಗಳು ಇನ್ನೂ ದೊಡ್ಡ ತಪ್ಪು ಮಾಡಿದೆ. ಈ ಮಧ್ಯವರ್ತಿಗಳೇ ಬೇಡವೆಂದು ನನ್ನ ಸಂಬಳ ಬರುವ ಬ್ಯಾಂಕಿನಿಂದಲೇ ಡಾಲರ್‌ನಲ್ಲಿ, ದೇಶದೇಶಗಳ ಬ್ಯಾಂಕುಗಳನ್ನು ಬೆಸೆಯುವ ಸ್ವಿಫ್ಟ್ ಜಾಲದ ಮೂಲಕ ಕಳುಹಿಸಿದೆ. ಬ್ಯಾಂಕಿನ ಶುಲ್ಕ ವ್ಯಾಟ್ ಸೇರಿ 52.50 ದಿರ್ಹಂ. ಉಳಿದ ದಿರ್ಹಂಗಳನ್ನು ಡಾಲರ್ ಮಾಡುವಾಗ 3.6725ರ ಬದಲು 3.685ರಂತೆ ಹಿಡಿದರು, 799.86 ಡಾಲರ್ ಆಯಿತು. ನಡುವಿನ ಬ್ಯಾಂಕೊಂದು ದಾರಿಯಲ್ಲಿ 15 ಡಾಲರ್ ಮುರಿದುಕೊಂಡಿತು. ಊರಿನ ಬ್ಯಾಂಕು ಉಳಿದ ಡಾಲರ್‌ಗಳನ್ನು, ಹೊರದೇಶದಿಂದ ಬಂದ ಹಣವನ್ನು ಕೊಳ್ಳಲು ತಾನೇ ಗೊತ್ತುಮಾಡಿದ, ಮಧ್ಯದರಕ್ಕಿಂತ ಕಡಿಮೆಯಿರುವ ಟಿ.ಟಿ. ಬೈಯಿಂಗ್ ದರದಲ್ಲಿ ಕೊಂಡು, ಕರೆನ್ಸಿ ಬದಲಾವಣೆಯ ಸೇವೆಗೆ ಜಿಎಸ್‌ಟಿ ಕಳೆದು ಅಮ್ಮನ ಖಾತೆಗೆ ಹಾಕಿತು. ಒಂದು ಲಕ್ಷ ರೂಪಾಯಿಯೊಳಗಿನ ಮೊತ್ತಕ್ಕೆ ಅದರ ಶೇಕಡಾ 1ನ್ನು ಸೇವೆಯ ಬೆಲೆಯೆಂದು ಹಿಡಿದು, ಆ ಬೆಲೆಯ ಮೇಲೆ ಶೇಕಡಾ 18 ತೆರಿಗೆ ಹಾಕುತ್ತಾರೆ, ನನಗೆ ಅದು ಸುಮಾರು 119 ರೂಪಾಯಿ ಬಿತ್ತು. ಡಾಲರ್ ದರ ಹೆಚ್ಚುಕಡಿಮೆ ಹಿಂದಿನಷ್ಟೇ ಇದ್ದರೂ ಕೊನೆಗೆ ಸೇರಿದ್ದು 65,966 ರೂಪಾಯಿ. ಮೂರು ಸಾವಿರಕ್ಕೂ ಹೆಚ್ಚು ರೂಪಾಯಿ ನಾಲ್ಕು ಕೈಗಳಲ್ಲಿ ಕರಗಿತ್ತು. ಸ್ವಿಫ್ಟ್ ಫಾರಂನಲ್ಲಿ ಎಲ್ಲ ಶುಲ್ಕವನ್ನೂ ಕಳುಹಿಸುವವನೇ ಭರಿಸುವ ಆಯ್ಕೆ ಇರುತ್ತದೆ. ಅದನ್ನು ಆರಿಸಿದರೆ ನಡುವಿನ ಬ್ಯಾಂಕು ದಾರಿಯಲ್ಲಿ ಕಡಿಯುವುದು ಬಹುಮಟ್ಟಿಗೆ ತಪ್ಪುತ್ತದೆಯಾದರೂ ಆ ಖರ್ಚು ಇಲ್ಲಿ ನಮ್ಮ ಮೇಲೇ ಬೀಳುತ್ತದೆ. ಎಕ್ಸ್‌ಚೇಂಜ್‌ನಿಂದ ಹೋಗುವ ಹಣ ಭಾರತದ ಬ್ಯಾಂಕಿನಲ್ಲಿರುವ ಅವರ ರೂಪಾಯಿ ಖಾತೆಯಿಂದ ರೂಪಾಯಿಯಾಗಿಯೇ ಅಮ್ಮನಿಗೆ ಸೇರುತ್ತದೆ, ಆದ್ದರಿಂದ ಊರಿನ ಬ್ಯಾಂಕಿನಲ್ಲಿ ಎರಡನೆಯ ಸಲ ಬದಲಾಯಿಸುವ ಪ್ರಶ್ನೆಯೇ ಬರುವುದಿಲ್ಲ.

ಇಷ್ಟಾದ ಮೇಲೆ ನಾನು ಎಲ್ಲ ಸೇವೆಗಳಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ನನ್ನ ಕೈಯಿಂದ ಶುಲ್ಕ, ವ್ಯಾಟ್ ಎಲ್ಲ ಸೇರಿ ಸರಿಯಾಗಿ ಮೂರು ಸಾವಿರ ದಿರ್ಹಂ ಹೋದರೆ ಅಮ್ಮನ ಖಾತೆಗೆ ಎಷ್ಟು ರೂಪಾಯಿ ಬರುತ್ತದೆ? ಈ ಎಚ್ಚರ ಏಕೆಂದರೆ ಕೆಲವು ಆ್ಯಪ್‌ಗಳಲ್ಲಿ ಮೂರು ಸಾವಿರ ಎಂದು ಹಾಕಿದರೆ ಶುಲ್ಕ ಅದರ ಮೇಲೆ ಬೀಳುತ್ತದೆ, ಕೆಲವುಗಳಲ್ಲಿ ಒಳಗಿನಿಂದಲೇ ಹೋಗುತ್ತದೆ, ಹಾಗಾಗಿ ಪರದೆಯ ಮೇಲಿನ ರೂಪಾಯಿ ಮೊತ್ತಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಎಲ್ಲವನ್ನೂ ಒಂದೇ ಗಂಟೆಯೊಳಗೆ ನೋಡಬೇಕು, ಬೆಳಗ್ಗಿನ ಒಂದು ದರವನ್ನು ಸಂಜೆಯ ಇನ್ನೊಂದರ ಜೊತೆ ಇಟ್ಟರೆ ಮಾರುಕಟ್ಟೆಯ ಏರಿಳಿತವೇ ಲಾಭಾಂಶದಂತೆ ತೋರುತ್ತದೆ. ಶನಿವಾರ ಮತ್ತು ಭಾನುವಾರ ಬ್ಯಾಂಕುಗಳ ನಡುವಿನ ರೂಪಾಯಿ ವಹಿವಾಟು ಮುಚ್ಚಿರುವುದರಿಂದ ಆ ಎರಡು ದಿನ ಕೆಲವರು ಅಂತರವನ್ನು ಇನ್ನಷ್ಟು ಅಗಲಗೊಳಿಸುತ್ತಾರೆ. ಮಧ್ಯದರಕ್ಕಿಂತಲೂ ಹೆಚ್ಚು ಕೊಡುತ್ತೇವೆ ಎನ್ನುವವರು ಒಂದೋ ಮೊದಲ ಸಲದ ಆಮಿಷ ಒಡ್ಡುವವರು, ಇಲ್ಲವೇ ಪರವಾನಗಿಯಿಲ್ಲದೆ ಹಣ ದಾಟಿಸುವ ಹುಂಡಿಯವರು. ಕಾನೂನು ಒಪ್ಪದ ಆ ದಾರಿಯಲ್ಲಿ ಯಾರೋ ಅಪರಿಚಿತರ ಖಾತೆಯಿಂದ ಬಂದ ಹಣಕ್ಕಾಗಿ ಊರಿನ ಖಾತೆಯನ್ನು ಪೊಲೀಸರು ಸ್ಥಗಿತಗೊಳಿಸಿದರೆ ಬಿಡಿಸಿಕೊಳ್ಳಲು ಓಡಾಡಬೇಕಾದವರು ಮನೆಯಲ್ಲಿರುವ ವಯಸ್ಸಾದವರು.

ಒಂದು ವಿಷಯವನ್ನು ಮಾತ್ರ ನ್ಯಾಯವಾಗಿ ಹೇಳಬೇಕು. ‘ಶುಲ್ಕ ಶೂನ್ಯ’ದ ಆ್ಯಪ್ ಎಲ್ಲರಿಗೂ ದುಬಾರಿಯಲ್ಲ. ಎಕ್ಸ್‌ಚೇಂಜ್‌ನ 23.10 ದಿರ್ಹಂ ಶುಲ್ಕ ನೀವು ಎಷ್ಟೇ ಕಳುಹಿಸಿದರೂ ಅಷ್ಟೇ ಇರುತ್ತದೆ, ದರದೊಳಗಿನ ಲಾಭಾಂಶವಾದರೋ ಮೊತ್ತದ ಜೊತೆಗೇ ಬೆಳೆಯುತ್ತದೆ. ನಾನು ಹೇಳಿದ ದಿನದ ದರಗಳನ್ನೇ ಹಿಡಿದರೆ ಸುಮಾರು 1,770 ದಿರ್ಹಂ ಬಳಿ ಎರಡೂ ಸಮವಾಗುತ್ತವೆ. ಅದಕ್ಕಿಂತ ಕಡಿಮೆ ಕಳುಹಿಸುವವರಿಗೆ ಆ್ಯಪ್ ಲಾಭ, ಹೆಚ್ಚು ಕಳುಹಿಸುವವರಿಗೆ ಎಕ್ಸ್‌ಚೇಂಜ್. ಹೊಸದಾಗಿ ಕೆಲಸಕ್ಕೆ ಸೇರಿರುವ ನನ್ನ ಅಕ್ಕನ ಮಗ ತಿಂಗಳಿಗೆ ಸಾವಿರ ದಿರ್ಹಂ ಮಾತ್ರ ಕಳುಹಿಸುತ್ತಾನೆ. ಅದೇ ದರಗಳಲ್ಲಿ ಅವನಿಗೆ ಎಕ್ಸ್‌ಚೇಂಜ್‌ನಿಂದ 22,488 ರೂಪಾಯಿ, ಆ್ಯಪ್‌ನಿಂದ 22,720 ರೂಪಾಯಿ. ನನ್ನ ಕಥೆ ಕೇಳಿ ಅವನೂ ಆ್ಯಪ್ ತೆಗೆದುಹಾಕಲು ಹೊರಟಿದ್ದ, ಲೆಕ್ಕ ಬರೆದು ತೋರಿಸಿ ತಡೆದೆ. ಈಗ ನಾನು ತಿಂಗಳಿಗೊಮ್ಮೆ ಸಾಲಿನಲ್ಲಿ ನಿಲ್ಲುತ್ತೇನೆ, ಅವನು ನನ್ನ ಪಕ್ಕದಲ್ಲೇ ನಿಂತು ಫೋನಿನಿಂದ ಕಳುಹಿಸುತ್ತಾನೆ.