ಮನೆಯ ಸಿಸಿಟಿವಿಯನ್ನು ಹೊರಗಿನಿಂದ ನೋಡಲು: ಡಿಎಂಜೆಡ್, ಪೋರ್ಟ್ ಫಾರ್ವರ್ಡಿಂಗ್, ವೈರ್‌ಗಾರ್ಡ್

ಊರಿನ ಮನೆಯ ಕ್ಯಾಮೆರಾಗಳನ್ನು ಬೆಂಗಳೂರಿನಲ್ಲೋ ದುಬೈನಲ್ಲೋ ಕೂತು ಮೊಬೈಲಿನಲ್ಲಿ ನೋಡಬೇಕು. ಡಿವಿಆರ್ ಹಾಕಲು ಬಂದವರು ಒಂದೆರಡು ಪೋರ್ಟ್ ತೆರೆದು ನೋಡುತ್ತಾರೆ, ಚಿತ್ರ ಬರುವುದಿಲ್ಲ. ಕೊನೆಗೆ ರೌಟರಿನ DMZ ಪುಟಕ್ಕೆ ಹೋಗಿ ಡಿವಿಆರ್‌ನ ವಿಳಾಸ, 192.168.1.50 ಎಂದುಕೊಳ್ಳೋಣ, ಬರೆದು ಸೇವ್ ಮಾಡುತ್ತಾರೆ. ಚಿತ್ರ ಬಂತು ಎಂದು ಹೊರಡುತ್ತಾರೆ. ಅದು ಯಾವ ಕಾರಣಕ್ಕೆ ತಟ್ಟನೆ ಕೆಲಸ ಮಾಡಿತೋ ಅದೇ ಕಾರಣಕ್ಕೆ ಅಪಾಯಕಾರಿ.

ದೊಡ್ಡ ಕಚೇರಿಗಳಲ್ಲಿ ಡಿಎಂಜೆಡ್ ಎಂದರೆ ಒಳಗಿನ ನೆಟ್‌ವರ್ಕಿನಿಂದ ಫೈರ್‌ವಾಲ್ ಹಾಕಿ ಬೇರ್ಪಡಿಸಿದ ತುಂಡು. ಅಲ್ಲಿರುವ ಸರ್ವರ್ ಕೈತಪ್ಪಿದರೂ ಒಳಗಿನ ಕಂಪ್ಯೂಟರುಗಳಿಗೆ ದಾರಿ ಸಿಗಬಾರದು ಎಂಬುದೇ ಅದರ ಉದ್ದೇಶ. ಮನೆ ರೌಟರಿನಲ್ಲಿ ಅಂಥ ಬೇರ್ಪಡಿಕೆ ಸಾಮಾನ್ಯವಾಗಿ ಇರುವುದೇ ಇಲ್ಲ. ಹೊರಗಿನಿಂದ ಬರುವ, ಬೇರೆ ನಿಯಮಕ್ಕೆ ಒಳಪಡದ ಸಂಪರ್ಕಗಳೆಲ್ಲ, ಪೋರ್ಟ್ 1ರಿಂದ 65535ರವರೆಗೆ, ಆ ಒಂದು ಸಾಧನಕ್ಕೆ ಹೋಗುತ್ತವೆ. ಸಾಧನವೋ ಮನೆಯ ಲ್ಯಾಪ್‌ಟಾಪು, ಪ್ರಿಂಟರುಗಳ ಜೊತೆ ಅದೇ 192.168.1.x ಒಳಗೇ ಕುಳಿತಿರುತ್ತದೆ. ಅದನ್ನು ಹಿಡಿದವನಿಗೆ ಉಳಿದವೆಲ್ಲ ಪಕ್ಕದಲ್ಲೇ ಸಿಗುತ್ತವೆ.

ಒಂದೇ ಡಿವಿಆರ್‌ಗೆ ಮೂರೂ ವಿಧಾನ ಹಾಕಿ ಹೊರಗಿನಿಂದ ಸ್ಕ್ಯಾನ್ ಮಾಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಸೇರಿಸಿ ನಿಮ್ಮ ಮನೆಯದೇ ಪಬ್ಲಿಕ್ ಐಪಿಯನ್ನು ಪರೀಕ್ಷಿಸಿ. ಮನೆಯ ವೈಫೈನಿಂದಲೇ ಮಾಡಿದರೆ ಫಲಿತಾಂಶ ನಂಬುವಂತಿರುವುದಿಲ್ಲ.

```
nmap -Pn -p 22,23,80,554,8000 <ಪಬ್ಲಿಕ್ ಐಪಿ>
```

ಡಿಎಂಜೆಡ್ ಇದ್ದಾಗ ಇಂಥ ಉತ್ತರ ಬರುತ್ತದೆ:

```
22/tcp   closed ssh
23/tcp   open   telnet
80/tcp   open   http
554/tcp  open   rtsp
8000/tcp open   http-alt
```

ಆ್ಯಪಿಗೆ ಬೇಕಾದದ್ದು 8000 ಒಂದೇ. ಡಿವಿಆರ್‌ನ ವೆಬ್ ಪುಟ, ವಿಡಿಯೊ ಹರಿಯುವ 554, ತಯಾರಕರು ಬಿಟ್ಟಿಟ್ಟ ಟೆಲ್ನೆಟ್ ಎಲ್ಲವೂ ಕರೆಯದೆ ಬಂದಿವೆ. 22ರ ಎದುರಿನ `closed` ಪದವನ್ನೂ ಗಮನಿಸಿ. ಅಲ್ಲಿ ಸೇವೆ ಇಲ್ಲದಿದ್ದರೂ ಯಾರೋ "ಇಲ್ಲ" ಎಂದು ಉತ್ತರಿಸಿದ್ದಾರೆ, ಆ ಉತ್ತರ ಡಿವಿಆರ್‌ನದು. ಡಿಎಂಜೆಡ್ ತೆಗೆದ ಮೇಲೆ ಹೆಚ್ಚಿನ ರೌಟರುಗಳು ಅಂಥ ಪ್ಯಾಕೆಟ್ಟನ್ನು ಸುಮ್ಮನೆ ಬಿಸಾಡುತ್ತವೆ, ಆಗ `filtered` ಎಂದು ಕಾಣುತ್ತದೆ.

ತೆರೆದ ಟೆಲ್ನೆಟ್ ಏನು ಮಾಡಬಲ್ಲದು ಎಂಬುದನ್ನು 2016ರಲ್ಲೇ ಎಲ್ಲರೂ ಕಂಡಿದ್ದಾರೆ. ಮಿರಾಯ್ ಎಂಬ ಮಾಲ್‌ವೇರ್ 23 ಮತ್ತು 2323 ಪೋರ್ಟುಗಳನ್ನು ತಟ್ಟುತ್ತಾ, ಕಾರ್ಖಾನೆಯಿಂದಲೇ ಬಂದ ಪಾಸ್‌ವರ್ಡುಗಳ ಪಟ್ಟಿ ಹಿಡಿದು ಡಿವಿಆರ್, ಕ್ಯಾಮೆರಾ, ರೌಟರುಗಳಿಗೆ ನುಗ್ಗಿತು. ಆ ವರ್ಷ ಅಕ್ಟೋಬರ್ 21ರಂದು ಡೈನ್ ಸಂಸ್ಥೆಯ ಡಿಎನ್‌ಎಸ್ ಸೇವೆಯ ಮೇಲೆ ನಡೆದ ದಾಳಿಯ ಹಿಂದೆ ಇಂಥ ಸಾಧನಗಳೇ ಇದ್ದವು.

ಇನ್ನೊಂದು ತೊಂದರೆ ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ಡಿಎಂಜೆಡ್ ಪುಟದಲ್ಲಿ ಬರೆದದ್ದು ಐಪಿ ವಿಳಾಸ, ಡಿವಿಆರ್‌ನ ಹೆಸರಲ್ಲ. ಆ ವಿಳಾಸವನ್ನು ಡಿಎಚ್‌ಸಿಪಿಯಲ್ಲಿ ಕಾಯ್ದಿರಿಸದಿದ್ದರೆ, ಕರೆಂಟ್ ಹೋಗಿ ಬಂದ ಮೇಲೆ 192.168.1.50 ಇನ್ಯಾವುದೋ ಲ್ಯಾಪ್‌ಟಾಪಿಗೆ ಸಿಗಬಹುದು. ಕ್ಯಾಮೆರಾ ನಿಂತುಹೋಯಿತು ಎಂದು ಮಾತ್ರ ಗೊತ್ತಾಗುತ್ತದೆ, ಲ್ಯಾಪ್‌ಟಾಪ್ ಬೀದಿಗೆ ಬಿದ್ದದ್ದು ಗೊತ್ತಾಗುವುದಿಲ್ಲ.

ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ, ಕೆಲವು ರೌಟರುಗಳಲ್ಲಿ ಇದರ ಹೆಸರು Virtual Server, 8000 ಟಿಸಿಪಿಯನ್ನು ಮಾತ್ರ 192.168.1.50ಕ್ಕೆ ಕಳಿಸಿದರೆ ಮೇಲಿನ ಸ್ಕ್ಯಾನಿನಲ್ಲಿ ಅದೊಂದೇ `open` ಆಗಿ ಉಳಿಯುತ್ತದೆ. ಡಿಎಂಜೆಡ್‌ಗಿಂತ ಇದು ಎಷ್ಟೋ ವಾಸಿ. ಆದರೆ ತೆರೆದ ಆ ಒಂದು ಬಾಗಿಲನ್ನು ಕಾಯುವುದು ಡಿವಿಆರ್‌ನ ಹಳೆಯ ಫರ್ಮ್‌ವೇರೇ. 2021ರಲ್ಲಿ ಹೊರಬಂದ ಹಿಕ್‌ವಿಷನ್ ದೋಷ CVE-2021-36260ರಲ್ಲಿ ಪಾಸ್‌ವರ್ಡ್ ಗೊತ್ತಿಲ್ಲದವನೂ ವೆಬ್ ಪೋರ್ಟಿನ ಮೂಲಕ ಸಾಧನದಲ್ಲಿ ತನ್ನ ಕಮಾಂಡು ಓಡಿಸಬಹುದಿತ್ತು. ಪಾಸ್‌ವರ್ಡ್ ಎಷ್ಟೇ ಗಟ್ಟಿ ಇದ್ದರೂ ಅಲ್ಲಿ ಪ್ರಯೋಜನವಿರಲಿಲ್ಲ, ಆದ್ದರಿಂದ ವೆಬ್ ಪುಟದ 80ನ್ನು ಎಂದೂ ಹೊರಗೆ ಬಿಡಬೇಡಿ. ಹೊರಗಿನ ಸಂಖ್ಯೆಯನ್ನು 8000 ಬದಲು 48321 ಮಾಡಿದರೆ ಸ್ಕ್ಯಾನುಗಳ ಗದ್ದಲ ಸ್ವಲ್ಪ ಕಡಿಮೆಯಾಗುತ್ತದೆ, ಅಡಗಿಕೊಂಡಂತಾಗುವುದಿಲ್ಲ.

ನಮ್ಮ ಆಯ್ಕೆ ವೈರ್‌ಗಾರ್ಡ್, ಮೊಬೈಲಿನಿಂದ ಮನೆಯ ನೆಟ್‌ವರ್ಕಿಗೆ ಗುಪ್ತ ಸುರಂಗ ಹಾಕುವ ವಿಪಿಎನ್. ಇಲ್ಲಿಯೂ ಒಂದು ಯುಡಿಪಿ ಪೋರ್ಟ್, ಸಾಮಾನ್ಯವಾಗಿ 51820, ತೆರೆಯಬೇಕು. ಆದರೆ ಸರಿಯಾದ ಕೀ ಇಲ್ಲದವರ ಪ್ಯಾಕೆಟ್ಟಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಹೊರಗಿನಿಂದ `sudo nmap -sU -Pn -p 51820` ಎಂದು ಅದೇ ಐಪಿಯ ಮೇಲೆ ಓಡಿಸಿದರೆ `open|filtered` ಎಂದು ಬರುತ್ತದೆ. ಅಂದರೆ ಅಲ್ಲಿ ಏನಾದರೂ ಇದೆಯೋ ಇಲ್ಲವೋ ಸ್ಕ್ಯಾನ್ ಮಾಡುವವನಿಗೆ ತಿಳಿಯುವುದಿಲ್ಲ. ಡಿವಿಆರ್ ಹೊರಗಿನವರ ಕಣ್ಣಿಗೇ ಬೀಳುವುದಿಲ್ಲ.

ರೌಟರಿನಲ್ಲೇ ವೈರ್‌ಗಾರ್ಡ್ ಸರ್ವರ್ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಸದಾ ಆನ್ ಇರುವ ಒಂದು ರಾಸ್ಪ್‌ಬೆರಿ ಪೈ ಸಾಕು. ಮೊಬೈಲಿನ ಕಡೆ ಬೇಕಾದದ್ದು ಇಷ್ಟು:

```
[Interface]
PrivateKey = <ಮೊಬೈಲಿನ ಕೀ>
Address = 10.8.0.2/32

[Peer]
PublicKey = <ಸರ್ವರಿನ ಕೀ>
Endpoint = <ಡಿಡಿಎನ್‌ಎಸ್ ಹೆಸರು>:51820
AllowedIPs = 192.168.1.50/32
```

ಕೊನೆಯ ಸಾಲಿನಲ್ಲಿ 192.168.1.0/24 ಎಂದು ಬರೆಯದಿರಲು ಕಾರಣವಿದೆ. ನೀವಿರುವ ಕಚೇರಿಯ ವೈಫೈ ಕೂಡ 192.168.1.x ಆಗಿದ್ದರೆ ಎರಡೂ ಢಿಕ್ಕಿ ಹೊಡೆಯುತ್ತವೆ. /32 ಎಂದರೆ ಆ ಒಂದೇ ವಿಳಾಸದ ಸಂಚಾರ ಸುರಂಗಕ್ಕೆ ಹೋಗುತ್ತದೆ, ಉಳಿದದ್ದು ಎಂದಿನಂತೆ. ಇದು ಮೊಬೈಲಿನ ದಾರಿಯನ್ನಷ್ಟೇ ನಿರ್ಧರಿಸುತ್ತದೆ. ಆ ಫೋನು ಮನೆಯ ಬೇರೆ ಸಾಧನ ಮುಟ್ಟಬಾರದು ಎಂದರೆ ಸರ್ವರಿನ ಫೈರ್‌ವಾಲಿನಲ್ಲಿ ನಿಯಮ ಹಾಕಬೇಕು.

ಪೈ ಬಳಸುವಾಗ ಪದೇ ಪದೇ ಕಾಣುವ ತೊಂದರೆ ಒಂದು: ಆ್ಯಪಿನಲ್ಲಿ ಹ್ಯಾಂಡ್‌ಶೇಕ್ ಆಗಿದೆ ಎಂದು ತೋರಿಸುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ಆಗ ಕೀಗಳನ್ನು ಮತ್ತೆ ಮತ್ತೆ ತಿದ್ದುವುದು ವ್ಯರ್ಥ, ಅವು ಸರಿಯಾಗಿಯೇ ಇವೆ. ಪೈನಲ್ಲಿ `net.ipv4.ip_forward=1` ಇಲ್ಲದಿರಬಹುದು, ಇಲ್ಲವೇ 10.8.0.2ಕ್ಕೆ ಮರಳುವ ದಾರಿ ಡಿವಿಆರ್‌ಗೆ ಗೊತ್ತಿಲ್ಲದಿರಬಹುದು. ಎರಡನೆಯದಕ್ಕೆ, ಮೊಬೈಲಿನ ಸಂಚಾರ ಪೈನಿಂದಲೇ ಬಂದಂತೆ ಡಿವಿಆರ್‌ಗೆ ತೋರಿಸುವ ಮಾಸ್ಕ್ವರೇಡ್ ನಿಯಮವನ್ನು ಪೈ ಮೇಲೆ ಹಾಕಿದರೆ ಸಾಕು. ಹ್ಯಾಂಡ್‌ಶೇಕೇ ಆಗದಿದ್ದರೆ ಮೊದಲು ಫಾರ್ವರ್ಡಿಂಗ್ ನಿಯಮ ಯುಡಿಪಿಗೆ ಇದೆಯೋ ಟಿಸಿಪಿಗೋ ನೋಡಿ.

ರೌಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ 100.64ರಿಂದ 100.127ರ ನಡುವೆ ಆರಂಭವಾಗಿದ್ದರೆ ನಿಮ್ಮದು ಸಿಜಿನ್ಯಾಟ್ ಸಂಪರ್ಕ, ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಸೇವಾದಾರರು ಹಲವು ಮನೆಗಳಿಗೆ ಹಂಚಿದ್ದಾರೆ. ನಮ್ಮಲ್ಲಿ ಹಲವು ಫೈಬರ್ ಸಂಪರ್ಕಗಳು ಹೀಗೇ ಬರುತ್ತವೆ. ಐಪಿವಿ4ನಲ್ಲಿ ಅಲ್ಲಿ ಡಿಎಂಜೆಡ್ ಆಗಲಿ ಪೋರ್ಟ್ ಫಾರ್ವರ್ಡಿಂಗ್ ಆಗಲಿ ಮೇಲಿನ ವೈರ್‌ಗಾರ್ಡ್ ಆಗಲಿ ಕೆಲಸಕ್ಕೆ ಬಾರದು. ಪೋರ್ಟ್ ತೆರೆದರೂ ಡಿಎಂಜೆಡ್ ಹಾಕಿದರೂ ಚಿತ್ರ ಬಾರದಿದ್ದರೆ ಎಷ್ಟೋ ಸಲ ಇದೇ ಕಾರಣ. ಹತಾಶೆಯಿಂದ ಹಾಕಿದ ಡಿಎಂಜೆಡ್ ಹಾಗೆಯೇ ಉಳಿದು, ಮುಂದೊಮ್ಮೆ ಪಬ್ಲಿಕ್ ಐಪಿ ಸಿಕ್ಕ ದಿನ ತಾನಾಗಿ ತೆರೆದುಕೊಳ್ಳುತ್ತದೆ. ಇಂಥ ಕಡೆ ಟೇಲ್‌ಸ್ಕೇಲ್ ಹಾಕಿ. ಅದೂ ವೈರ್‌ಗಾರ್ಡನ್ನೇ ಬಳಸುತ್ತದೆ, ಒಳಗಿನಿಂದ ಹೊರಗೆ ಸಂಪರ್ಕ ಮಾಡುವುದರಿಂದ ಪೋರ್ಟ್ ತೆರೆಯಬೇಕಿಲ್ಲ. ಪೈನಲ್ಲಿ ಐಪಿ ಫಾರ್ವರ್ಡಿಂಗ್ ಆನ್ ಮಾಡಿ,

```
sudo tailscale up --advertise-routes=192.168.1.50/32
```

ಎಂದು ಕೊಟ್ಟು, ಅಡ್ಮಿನ್ ಪುಟದಲ್ಲಿ ಆ ರೂಟನ್ನು ಒಪ್ಪಬೇಕು. ಈ ಒಪ್ಪಿಗೆ ಮರೆತರೆ ಎಲ್ಲವೂ ಕನೆಕ್ಟೆಡ್ ಎಂದು ಕಂಡರೂ ಡಿವಿಆರ್ ಸಿಗದು.

ಡಿಎಂಜೆಡ್ ಸಮರ್ಥನೀಯವಾದ ಸಂದರ್ಭ ಒಂದಿದೆ. ಸೇವಾದಾರರ ರೌಟರಿನ ಹಿಂದೆ ನಿಮ್ಮದೇ ಇನ್ನೊಂದು ರೌಟರ್ ಇದ್ದು, ಮೊದಲಿನದು ಬ್ರಿಡ್ಜ್ ಮೋಡ್ ಕೊಡದಿದ್ದರೆ, ಅದರ ಡಿಎಂಜೆಡ್‌ಗೆ ಎರಡನೆಯದರ ವ್ಯಾನ್ ವಿಳಾಸ ಕೊಡಬಹುದು. ಎರಡನೆಯದರ ಫೈರ್‌ವಾಲ್ ಆಗಲೂ ನಿಂತಿರುತ್ತದೆ, ಅದರ ಅಡ್ಮಿನ್ ಪುಟ ಹೊರಗಿನಿಂದ ತೆರೆಯದಂತೆ ಇರಬೇಕು ಅಷ್ಟೆ.

ಈಗಾಗಲೇ ಡಿಎಂಜೆಡ್ ಇದ್ದರೆ ಅದನ್ನು ತೆಗೆದ ಮೇಲೆ ರೌಟರಿನಲ್ಲಿ ಯುಪಿಎನ್‌ಪಿ ಆಫ್ ಮಾಡಿ. ಇಲ್ಲದಿದ್ದರೆ ಡಿವಿಆರ್ ತನ್ನ ಪೋರ್ಟುಗಳನ್ನು ತಾನೇ ತೆರೆಸಿಕೊಳ್ಳಬಹುದು. ಇಷ್ಟು ದಿನ ಹೊರಗೆ ಒಡ್ಡಿಕೊಂಡಿದ್ದ ಡಿವಿಆರನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಹೊಸ ಫರ್ಮ್‌ವೇರ್ ಹಾಕಿ, ಪಾಸ್‌ವರ್ಡ್ ಬದಲಿಸಿ. ನಂತರ ಅದೇ ಸ್ಕ್ಯಾನನ್ನು ಹಾಟ್‌ಸ್ಪಾಟಿನಿಂದ ಮತ್ತೆ ಓಡಿಸಿ. ಒಂದೂ `open` ಕಾಣಬಾರದು.